ವರದಿಗಾಗಿ ಹಾಲಿನ ಸಾಲು ನಿಲ್ಲಬಾರದು

ಹಾಲು ಒಕ್ಕೂಟವೊಂದರ ತಂತ್ರಾಂಶವನ್ನು ಊಹಿಸಿಕೊಳ್ಳಿ. ನೂರಾರು ಸಂಘಗಳಲ್ಲಿ ಬೆಳಿಗ್ಗೆ, ಸಂಜೆ ಅಳೆದ ಹಾಲಿನ ಲೆಕ್ಕ ಒಂದೇ ಡೇಟಾಬೇಸಿಗೆ ಸೇರುತ್ತದೆ. ಬಟವಾಡೆಯ ವರದಿಯೂ ಅಲ್ಲಿಂದಲೇ ಹೊರಡುತ್ತದೆ. ವರದಿ ಲಕ್ಷಾಂತರ ದಾಖಲೆಗಳನ್ನು ಕೂಡುತ್ತಿರುವಾಗ ಅತ್ತ ಕ್ಯಾನು ಹಿಡಿದು ನಿಂತ ರೈತನ ಚೀಟಿ ಬರುವುದಿಲ್ಲ.

ವರದಿಯ ಭಾಗವನ್ನು ಹೊಸದಾಗಿ ಬರೆಯೋಣ ಎನ್ನುವ ವಿನ್ಯಾಸ ದಾಖಲೆ ಮೊದಲು ಅಗ್ಗದ ದಾರಿಯನ್ನು ನೋಡಬೇಕು: ದಿನಾಂಕಕ್ಕೂ ಸಂಘದ ಸಂಖ್ಯೆಗೂ ಇಂಡೆಕ್ಸ್ ಹಾಕುವುದು. ಒಂದು ಸಂಘದ ವರದಿಗೆ ಅದು ಸಾಕು. ಇಡೀ ಒಕ್ಕೂಟದ ಮೊತ್ತಕ್ಕೆ ಸಾಲದು, ಆ ಅವಧಿಯ ದಾಖಲೆಗಳನ್ನೆಲ್ಲ ಓದಲೇಬೇಕಲ್ಲ. ಡೇಟಾಬೇಸಿನ ನಕಲಿನಿಂದ ವರದಿ ತೆಗೆದರೆ ರೈತರ ಸಾಲು ನಿಲ್ಲದು, ಆದರೆ ವರದಿ ನಿಧಾನವಾಗಿಯೇ ಉಳಿಯುತ್ತದೆ.

ಮೂರನೆಯ ದಾರಿ, ದಿನದ ಮೊತ್ತವನ್ನು ಆ ರಾತ್ರಿಯೇ ಕೂಡಿಡುವುದು. ವೇಗ ಇಲ್ಲಿದೆ, ಅಪಾಯವೂ ಇಲ್ಲಿಯೇ. 3ನೇ ತಾರೀಕಿನ 6.5 ಲೀಟರನ್ನು 5ರಂದು 5.6 ಎಂದು ತಿದ್ದಿದರೆ, ಕೂಡಿಟ್ಟ ಮೊತ್ತದಲ್ಲಿ 0.9 ಲೀಟರ್ ಹೆಚ್ಚಾಗಿಯೇ ಉಳಿಯುತ್ತದೆ. ಆದ್ದರಿಂದ ತಿದ್ದುಪಡಿಯಾದ ದಿನವನ್ನು ಗುರುತಿಟ್ಟು, ಆ ದಿನದ ಮೊತ್ತವನ್ನಷ್ಟೇ ಮತ್ತೆ ಕೂಡಬೇಕು. ನನ್ನ ಆಯ್ಕೆ ಇದೇ, ಒಂದು ಷರತ್ತಿನ ಮೇಲೆ: ಎರಡು ಬಟವಾಡೆಗಳವರೆಗೆ ಹಳೆಯ, ಹೊಸ ವರದಿಗಳೆರಡೂ ಬರಲಿ. ಒಂದು ಪೈಸೆ ವ್ಯತ್ಯಾಸ ಕಂಡರೂ ಕಾರಣ ಸಿಗುವವರೆಗೆ ಹಳೆಯದನ್ನು ತೆಗೆಯಬಾರದು.