ಮೈನಸ್ ಎರಡು ಎಲ್ಲಿಂದ ಬಂತು?

ಲಾಗ್ ಪಾಠದಲ್ಲಿ ಈ ಥರದ ಲೆಕ್ಕ ಬಂದೇ ಬರುತ್ತದೆ:

log₂ x + log₂ (x − 2) = 3

ಲಾಗ್‌ಗಳನ್ನು ಕೂಡಿಸಿದರೆ ಒಳಗಿನ ಸಂಖ್ಯೆಗಳು ಗುಣಿಸಿಕೊಳ್ಳುತ್ತವೆ ಎಂಬ ನಿಯಮ ಹಾಕಿದರೆ log₂ [x(x − 2)] = 3 ಆಗುತ್ತದೆ. ಅಂದರೆ x(x − 2) ಎನ್ನುವುದು 2ರ ಮೂರನೇ ಘಾತ, 8. ಅಲ್ಲಿಂದ x² − 2x − 8 = 0. ಅಪವರ್ತಿಸಿದರೆ (x − 4)(x + 2) = 0. ಉತ್ತರ 4 ಮತ್ತು −2. ಎಲ್ಲೂ ಕೂಡುವ ಕಳೆಯುವ ತಪ್ಪಿಲ್ಲ. ಆದರೂ ಮೇಷ್ಟ್ರು −2ರ ಮೇಲೆ ಗೆರೆ ಎಳೆಯುತ್ತಾರೆ.

ಮೊದಲಿನ ಸಮೀಕರಣದಲ್ಲಿ ಎರಡನ್ನೂ ಇಟ್ಟು ನೋಡೋಣ. x = 4 ಆದರೆ log₂ 4 + log₂ 2, ಅಂದರೆ 2 + 1 = 3. ಸರಿಯಾಯಿತು. x = −2 ಆದರೆ log₂ (−2) + log₂ (−4) ಎಂದು ಬರೆಯಬೇಕಾಗುತ್ತದೆ. log₂ (−2) ಎಂದರೆ, 2ನ್ನು ಎಷ್ಟನೇ ಘಾತಕ್ಕೆ ಏರಿಸಿದರೆ −2 ಸಿಗುತ್ತದೆ ಎಂಬ ಪ್ರಶ್ನೆ. ಘಾತ ಎಷ್ಟೇ ಇರಲಿ, ಋಣವೇ ಇರಲಿ, 2ರ ಘಾತ ಸೊನ್ನೆಗಿಂತ ಮೇಲೆಯೇ ಉಳಿಯುತ್ತದೆ. 2ರ −5ನೇ ಘಾತವೂ 1/32. ಹಾಗಾಗಿ ಆ ಪ್ರಶ್ನೆಗೆ ನಾವು ಬಳಸುವ ವಾಸ್ತವ ಸಂಖ್ಯೆಗಳಲ್ಲಿ ಉತ್ತರವೇ ಇಲ್ಲ. −2 ಹುಸಿ ಮೂಲ.

ಹಾಗಾದರೆ ಅದು ನುಸುಳಿದ್ದು ಎಲ್ಲಿ? ಲಾಗ್‌ಗಳನ್ನು ಒಂದು ಮಾಡಿದ ಮೊದಲ ಹೆಜ್ಜೆಯಲ್ಲೇ. ಮೂಲ ಸಾಲಿನಲ್ಲಿ x ಧನವಾಗಿರಬೇಕು, x − 2 ಕೂಡ ಧನವಾಗಿರಬೇಕು. ಅಂದರೆ x 2ಕ್ಕಿಂತ ದೊಡ್ಡದಿರಬೇಕು. ಒಂದೇ ಲಾಗ್ ಆದಮೇಲೆ ಗುಣಲಬ್ಧ ಮಾತ್ರ ಧನವಾಗಿದ್ದರೆ ಸಾಕು. ಎರಡು ಋಣ ಸಂಖ್ಯೆಗಳ ಗುಣಲಬ್ಧವೂ ಧನವೇ ಅಲ್ಲವೇ? (−2) × (−4) = 8. ಈ ಬಾಗಿಲಿನಿಂದಲೇ −2 ಒಳಗೆ ಬಂತು. ತಾಳೆ ನೋಡುವುದನ್ನು ಎರಡನೇ ಸಾಲಿನಲ್ಲಿ ಮಾಡಿದರೆ ಹುಸಿ ಮೂಲ ಸಲೀಸಾಗಿ ಪಾಸಾಗುವುದೂ ಇದೇ ಕಾರಣಕ್ಕೆ. ಪ್ರಶ್ನೆಪತ್ರಿಕೆಯಲ್ಲಿ ಅಚ್ಚಾದ ಸಾಲಿನಲ್ಲೇ ಇಟ್ಟು ನೋಡಬೇಕು.

ಇದನ್ನು ಅನೇಕ ಹುಡುಗರು ‘ಮೈನಸ್ ಬಂದರೆ ಹೊಡೆದುಹಾಕು’ ಎಂದು ಉರು ಹೊಡೆದಿರುತ್ತಾರೆ. ಅದು ಅಪಾಯದ ಸುಲಭೋಪಾಯ. log₂ (x − 5) + log₂ (x − 2) = 2 ತೆಗೆದುಕೊಳ್ಳಿ. x² − 7x + 6 = 0 ಬಂದು, ಮೂಲಗಳು 6 ಮತ್ತು 1. ಎರಡೂ ಧನ. ಆದರೆ 1 ಇಟ್ಟರೆ ಲಾಗ್‌ನೊಳಗೆ −4 ಮತ್ತು −1 ಕೂರುತ್ತವೆ. ಆದ್ದರಿಂದ 1 ಹೊರಗೆ. ಇನ್ನು log₂ (x + 3) + log₂ (x + 6) = 2 ನೋಡಿ. ಇಲ್ಲಿ ಮೂಲಗಳು −2 ಮತ್ತು −7, ಎರಡೂ ಋಣ. −2 ಇಟ್ಟರೆ ಒಳಗೆ 1 ಮತ್ತು 4; 0 + 2 = 2, ಉತ್ತರ ಸರಿ. −7 ಇಟ್ಟರೆ ಮತ್ತೆ −4 ಮತ್ತು −1. ನೋಡಬೇಕಾದದ್ದು xನ ಚಿಹ್ನೆಯನ್ನಲ್ಲ, x ಇಟ್ಟ ಮೇಲೆ ಪ್ರತಿಯೊಂದು ಲಾಗ್‌ನೊಳಗೆ ಏನು ಉಳಿಯುತ್ತದೆ ಎಂಬುದನ್ನು.

ಋಣ ಸಂಖ್ಯೆಗೆ ಲಾಗ್ ಉಂಟೋ ಇಲ್ಲವೋ ಎಂದು ದೊಡ್ಡ ದೊಡ್ಡವರೇ ಜಗಳವಾಡಿದ್ದಾರೆ. 1712–13ರಲ್ಲಿ ಲೈಬ್ನಿಜ್ ಮತ್ತು ಯೋಹಾನ್ ಬರ್ನೂಲಿ ಪತ್ರಗಳಲ್ಲೇ ವಾದಿಸಿದರು. −2ರ ಲಾಗ್ ಕೂಡ 2ರ ಲಾಗ್‌ನಷ್ಟೇ ಎಂಬುದು ಬರ್ನೂಲಿಯ ಪಟ್ಟು. ಅವನ ಮಾತು ನಡೆದಿದ್ದರೆ ನಮ್ಮ ಮೊದಲ ಲೆಕ್ಕದಲ್ಲಿ log₂ (−2) = 1, log₂ (−4) = 2 ಆಗಿ, ಮೊತ್ತ ಸರಿಯಾಗಿ 3 ಬಂದು −2 ಉತ್ತರವಾಗಿಬಿಡುತ್ತಿತ್ತು! ಆಯ್ಲರ್ 1751ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಇದನ್ನು ಬಗೆಹರಿಸಿದ: ಋಣ ಸಂಖ್ಯೆಗಳ ಲಾಗ್‌ಗಳು ಸಂಕೀರ್ಣ ಸಂಖ್ಯೆಗಳು, ವಾಸ್ತವ ಸಂಖ್ಯೆಗಳಲ್ಲಿ ಅವಕ್ಕೆ ಜಾಗವಿಲ್ಲ.

ತಾಳೆ ನೋಡುವುದಕ್ಕೂ ಒಂದು ಮಿತಿ ಇದೆ. ಅದು ಬೇಡದ ಮೂಲವನ್ನು ಹಿಡಿಯುತ್ತದೆ, ಕಳೆದುಹೋದದ್ದನ್ನು ಹುಡುಕಿ ಕೊಡುವುದಿಲ್ಲ. log₂ (x²) = 4 ಎಂಬುದನ್ನು 2 log₂ x = 4 ಎಂದು ಬರೆದವರಿಗೆ x = 4 ಮಾತ್ರ ಸಿಗುತ್ತದೆ, ಅದು ತಾಳೆಯೂ ಆಗುತ್ತದೆ. ಆದರೆ −4ರ ವರ್ಗವೂ 16, log₂ 16 = 4; ಅದೂ ನಿಜವಾದ ಉತ್ತರವೇ. 2ನ್ನು ಲಾಗ್‌ನ ಮುಂದಕ್ಕೆ ತಂದ ಕೂಡಲೇ x ಧನವೇ ಇರಬೇಕೆಂಬ ಷರತ್ತನ್ನು ನಾವೇ ಹಾಕಿಬಿಟ್ಟೆವು. ಇಲ್ಲಿ 2 log₂ |x| ಎಂದು ಬರೆದಿದ್ದರೆ ಎರಡೂ ಮೂಲ ಉಳಿಯುತ್ತಿದ್ದವು.