ಕೊಳಗದಿಂದ ಕಿಲೋಗ್ರಾಂಗೆ: ರಾಗಿಯ ಅಳತೆ ಬದಲಾದ ಬಗೆ

ಹಳೆಯ ಮೈಸೂರು ಸೀಮೆಯ ಇತರೆಡೆಗಳಂತೆ ಊರ್ಡಿಗೆರೆ ಭಾಗದಲ್ಲಿಯೂ ರಾಗಿಯನ್ನು ಸೇರು, ಕೊಳಗ, ಖಂಡುಗಗಳಲ್ಲಿ ಅಳೆಯಲಾಗುತ್ತಿತ್ತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಆದರೆ ಕೊಳಗದ ಗಾತ್ರ ಊರಿಂದ ಊರಿಗೆ ಬೇರೆಯಾಗಿತ್ತು. ಅದೇ ಕೊಳಗವನ್ನು ರಾಶಿಯೇರಿಸಿ ಅಳೆದರೆ ಒಂದು ಲೆಕ್ಕ, ಬಾಯಿಮಟ್ಟಕ್ಕೆ ಸವರಿ ಅಳೆದರೆ ಇನ್ನೊಂದು ಲೆಕ್ಕ. ಅಳೆಯುವ ಕೈ ಕೊಳ್ಳುವವನದಾದಾಗ ನಷ್ಟ ಬೆಳೆದವನಿಗೆ ಆಗುತ್ತಿತ್ತು.

ಈ ಗೊಂದಲವನ್ನು ನಿವಾರಿಸಲು 1956ರಲ್ಲಿ ತೂಕ ಮತ್ತು ಅಳತೆಗಳ ಕೇಂದ್ರ ಕಾಯ್ದೆ ರೂಪುಗೊಂಡು, 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಬಳಕೆಗೆ ಬಂದವು. ಯಾವ ಮಾರುಕಟ್ಟೆಯಲ್ಲಿಯೂ ಕಿಲೋಗ್ರಾಂ ಒಂದೇ ಆಗಿರುವುದರಿಂದ ಎರಡು ಊರುಗಳ ಧಾರಣೆಯನ್ನು ಹೋಲಿಸುವುದು ಸುಲಭವಾಯಿತು. ಹತ್ತರ ಗುಣಕಗಳಿಂದ ಲೆಕ್ಕವೂ ಸರಳವಾಯಿತು.

ಭೂಮಿಯ ವಿಷಯದಲ್ಲಿ ಬದಲಾವಣೆ ಪೂರ್ಣಗೊಂಡಿಲ್ಲ. ಪಹಣಿಯಲ್ಲಿ ಇಂದಿಗೂ ಎಕರೆ, ಗುಂಟೆಗಳೇ ಇರುತ್ತವೆ. ಗೊಬ್ಬರದ ಶಿಫಾರಸು ಮಾತ್ರ ಹೆಕ್ಟೇರ್‌ಗೆ ಇರುತ್ತದೆ. ಒಂದು ಹೆಕ್ಟೇರ್ ಎಂದರೆ ಸುಮಾರು 2.47 ಎಕರೆ. ಉದಾಹರಣೆಗೆ, ಮಳೆಯಾಶ್ರಿತ ರಾಗಿಗೆ ಹೆಕ್ಟೇರ್‌ಗೆ 50 ಕಿ.ಗ್ರಾಂ ಸಾರಜನಕ ಬೇಕಾದಲ್ಲಿ, 1 ಎಕರೆ 20 ಗುಂಟೆಗೆ (0.607 ಹೆಕ್ಟೇರ್) ಸುಮಾರು 30 ಕಿ.ಗ್ರಾಂ ಸಾಕು. ಇದೆಲ್ಲವನ್ನೂ ಯೂರಿಯಾದಿಂದಲೇ ಒದಗಿಸುವುದಾದರೆ ಸುಮಾರು 66 ಕಿ.ಗ್ರಾಂ ಆಗುತ್ತದೆ. ಶಿಫಾರಸನ್ನು ಎಕರೆಗೆಂದು ತಪ್ಪಾಗಿ ಓದಿದರೆ ಯೂರಿಯಾ 163 ಕಿ.ಗ್ರಾಂಗೆ ಏರಿ, ಖರ್ಚು ಹೆಚ್ಚುವುದಲ್ಲದೆ ಪೈರು ಸೊಕ್ಕಿ ಬೆಳೆದು ನೆಲಕ್ಕೊರಗುವ ಸಾಧ್ಯತೆಯಿದೆ. ಆದ್ದರಿಂದ ಗೊಬ್ಬರ ಕೊಳ್ಳುವ ಮೊದಲು ಪಹಣಿಯ ವಿಸ್ತೀರ್ಣವನ್ನು ಎಕರೆಗೆ ತಂದು, 2.47ರಿಂದ ಭಾಗಿಸಿ ಹೆಕ್ಟೇರ್ ಲೆಕ್ಕ ಮಾಡಿಕೊಳ್ಳತಕ್ಕದ್ದು.