ಲೈವ್‌ಗೆ ಕರೆಯುವ ನಾಲ್ಕು ಸಾಲು

ಸೀರೆ, ಹಪ್ಪಳ, ಮಣ್ಣಿನ ಮಡಕೆ, ಹೊಲಿಗೆ ಯಂತ್ರ, ಯಾವುದನ್ನೇ ಮಾರುವವರಿರಲಿ, ಈಗ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಇನ್‌ಸ್ಟಾಗ್ರಾಮ್‌ನಲ್ಲೋ ಯೂಟ್ಯೂಬ್‌ನಲ್ಲೋ ಲೈವ್ ಬಂದು ತಮ್ಮ ವಸ್ತುವನ್ನು ತೋರಿಸುತ್ತಾರೆ. ಲೈವ್‌ನ ತಯಾರಿಗೆ ಇಡೀ ವಾರ ಹೋಗುತ್ತದೆ. ಜನರನ್ನು ಅಲ್ಲಿಗೆ ಕರೆಯುವ ಪೋಸ್ಟಿನ ಬರಹವನ್ನು ಮಾತ್ರ ಎರಡು ನಿಮಿಷದಲ್ಲಿ ಬರೆದು ಮುಗಿಸುತ್ತಾರೆ. ಕ್ಯಾಪ್ಷನ್ ಎಂದು ಎಲ್ಲರೂ ಕರೆಯುವ ಆ ನಾಲ್ಕು ಸಾಲು ಕೆಟ್ಟರೆ, ತೋರಿಸುವ ವಸ್ತು ಎಷ್ಟೇ ಚೆನ್ನಾಗಿದ್ದರೂ ನೋಡುವವರು ಹೊತ್ತಿಗೆ ಸರಿಯಾಗಿ ಬರುವುದಿಲ್ಲ.

ಒಂದು ಉದಾಹರಣೆ ಹಿಡಿದುಕೊಂಡೇ ನೋಡೋಣ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಕೈಮಗ್ಗದ ಸೀರೆ ನೇಯುವ ಒಂದು ಮನೆ ಇದೆ ಎಂದಿಟ್ಟುಕೊಳ್ಳಿ. ಮನೆಯ ಹೆಣ್ಣುಮಗಳು ಇನ್‌ಸ್ಟಾಗ್ರಾಮ್ ನೋಡಿಕೊಳ್ಳುತ್ತಾಳೆ. 2026ರ ಅಕ್ಟೋಬರ್ 18, ಭಾನುವಾರ ಸಂಜೆ ಲೈವ್ ಮಾಡಬೇಕೆಂದಿದ್ದಾಳೆ. ಅವಳು ಮೊದಲು ಬರೆದದ್ದು ಹೀಗಿರುತ್ತದೆ: “ಎಲ್ಲರಿಗೂ ನಮಸ್ಕಾರ, ನಿಮ್ಮೆಲ್ಲರ ಪ್ರೀತಿ ಬೆಂಬಲಕ್ಕೆ ಧನ್ಯವಾದ. ಬಹಳ ದಿನಗಳಿಂದ ನೀವು ಕೇಳುತ್ತಿದ್ದ ಲೈವ್ ನಾಳೆ 7.30ಕ್ಕೆ. ನಮ್ಮ ಸುಂದರ ಇಳಕಲ್ ಸೀರೆಗಳನ್ನು ತೋರಿಸುತ್ತೇವೆ. ತಪ್ಪದೇ ಬನ್ನಿ, ಪ್ರಶ್ನೆಗಳಿದ್ದರೆ ಕೇಳಿ.”

ಮಾತಿನಲ್ಲಿ ಮರ್ಯಾದೆಯಿದೆ, ಕೆಲಸದ ಸಂಗತಿ ಇಲ್ಲ. “ನಾಳೆ” ಎಂದರೆ ಯಾವ ದಿನ? ಇನ್‌ಸ್ಟಾಗ್ರಾಮ್ ಪೋಸ್ಟುಗಳನ್ನು ಹಾಕಿದ ಕ್ರಮದಲ್ಲಿ ತೋರಿಸುವುದಿಲ್ಲ. ಶನಿವಾರ ಹಾಕಿದ್ದು ಒಬ್ಬರಿಗೆ ಅದೇ ಗಂಟೆ ಕಾಣಿಸಿದರೆ ಇನ್ನೊಬ್ಬರಿಗೆ ಸೋಮವಾರ ಬೆಳಿಗ್ಗೆ ಕಾಣಿಸುತ್ತದೆ. ಸೋಮವಾರ ಓದಿದವರು ಮಂಗಳವಾರ ಏಳೂವರೆಗೆ ಬಂದು ಕಾಯುತ್ತಾರೆ, ಯಾರೂ ಇಲ್ಲದ್ದು ನೋಡಿ ಬೇಸರ ಮಾಡಿಕೊಂಡು ಹೋಗುತ್ತಾರೆ. ಹಾಗಾಗಿ ಇಂಥ ಬರಹದಲ್ಲಿ ಇಂದು, ನಾಳೆ, ನಾಡಿದ್ದು ಬರಲೇಬಾರದು. ವಾರ ಮತ್ತು ತಾರೀಖು ಎರಡೂ ಬೇಕು. ತಾರೀಖು ಬರೆಯುವಾಗ ಕೈತಪ್ಪಿದರೆ ವಾರಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ, ಓದಿದವರು ಯಾರಾದರೂ ಎಚ್ಚರಿಸುತ್ತಾರೆ.

7.30 ಎಂದಷ್ಟೇ ಬರೆದರೆ ಬೆಳಿಗ್ಗೆಯೋ ಸಂಜೆಯೋ ತಿಳಿಯದು. ಜೊತೆಗೆ, ಇಳಕಲ್ ಸೀರೆ ಕೊಳ್ಳುವವರಲ್ಲಿ ದುಬೈಯಲ್ಲಿ, ಲಂಡನ್‌ನಲ್ಲಿ, ನ್ಯೂಜೆರ್ಸಿಯಲ್ಲಿ ನೆಲೆಸಿದ ಕನ್ನಡದವರೂ ಇದ್ದಾರೆ. ಭಾರತದಲ್ಲಿ ಅಕ್ಟೋಬರ್ 18ರ ಸಂಜೆ ಏಳೂವರೆ ಆದಾಗ ದುಬೈಯಲ್ಲಿ ಸಂಜೆ 6, ಲಂಡನ್‌ನಲ್ಲಿ ಮಧ್ಯಾಹ್ನ 3, ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ 10. ಇಲ್ಲೊಂದು ತೊಡಕಿದೆ. ಬ್ರಿಟನ್‌ನಲ್ಲಿ ಅಕ್ಟೋಬರ್ ಕೊನೆಯ ಭಾನುವಾರ, ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಹೀಗಾಗಿ ನವೆಂಬರ್‌ನಲ್ಲಿ ಇದೇ ಏಳೂವರೆಗೆ ಲೈವ್ ಇಟ್ಟರೆ ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ 9 ಆಗಿರುತ್ತದೆ. ಹಳೆಯ ಕ್ಯಾಪ್ಷನ್ನನ್ನು ನಕಲು ಮಾಡಿ ತಾರೀಖು ಮಾತ್ರ ಬದಲಿಸುವವರು ಎಡವುವುದು ಇಲ್ಲೇ. ದುಬೈಯಲ್ಲಿ ಗಡಿಯಾರ ಬದಲಾಗುವುದಿಲ್ಲ, ಅಲ್ಲಿಗೆ ಭಯವಿಲ್ಲ. ಯೂಟ್ಯೂಬ್‌ನಲ್ಲಿ ಲೈವ್ ಮೊದಲೇ ನಿಗದಿ ಮಾಡಿದರೆ ನೋಡುವವರ ಊರಿನ ಗಂಟೆಯನ್ನು ಅದೇ ತೋರಿಸುತ್ತದೆ. ಕ್ಯಾಪ್ಷನ್ನಿನಲ್ಲಿ ನಾವು ಕೈಯಾರೆ ಬರೆದ ಗಂಟೆ ಮಾತ್ರ ಬರೆದಂತೆಯೇ ಉಳಿಯುತ್ತದೆ.

ಇನ್ನು ವಿಷಯ. “ನಮ್ಮ ಸುಂದರ ಸೀರೆಗಳನ್ನು ತೋರಿಸುತ್ತೇವೆ” ಎಂದರೆ ಬರುವುದಕ್ಕೆ ಕಾರಣ ಸಿಗುವುದಿಲ್ಲ, ಸೀರೆಯ ಫೋಟೋ ಪೋಸ್ಟಿನಲ್ಲೇ ಇದೆ. ಫೋಟೋದಲ್ಲಿ ಕಾಣದ, ಕೈಯಲ್ಲಿ ಹಿಡಿದು ತೋರಿಸಿದರೆ ಮಾತ್ರ ಅರ್ಥವಾಗುವ ಒಂದು ಸಂಗತಿಯನ್ನು ಹೆಸರಿಸಬೇಕು. ಇಳಕಲ್ ಸೀರೆಯಲ್ಲಿ ಅಂಥದ್ದು ಇದೆ, ಅದರ ಹೆಸರು ಕೊಂಡಿ. ಈ ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಬೇರೆಯೇ ಹಾಸು. ಮೈಯ ಹಾಸಿನ ಒಂದೊಂದು ಎಳೆಯನ್ನೂ ಸೆರಗಿನ ಹಾಸಿನ ಎಳೆಗೆ ಕುಣಿಕೆಯಾಗಿ ಸಿಕ್ಕಿಸಿ ಜೋಡಿಸುತ್ತಾರೆ. ಹೀಗೆ ಜೋಡಿಸಿದ ಸೆರಗಿನಲ್ಲಿ ಕೆಂಪು ಅಪ್ಪಟ ಕೆಂಪಾಗಿಯೇ ಇರುತ್ತದೆ, ಏಕೆಂದರೆ ಮೈಯ ಬಣ್ಣದ ಎಳೆ ಅಲ್ಲಿಗೆ ಬರುವುದೇ ಇಲ್ಲ. ಒಂದೇ ಹಾಸು ಮೈಯಿಂದ ಸೆರಗಿನವರೆಗೂ ಓಡಿದ್ದರೆ, ಕಡುನೀಲಿ ಸೀರೆಯ ಕೆಂಪು ಸೆರಗಿನ ಒಳಗೂ ನೀಲಿ ಎಳೆ ಇಣುಕುತ್ತದೆ. ಎರಡು ಹಾಸು ಸೇರುವ ಗೆರೆಯನ್ನು ಹಿಂಬದಿಯಿಂದ ಬೆರಳಾಡಿಸಿ ನೋಡಿದರೆ ಕುಣಿಕೆಗಳ ಸಣ್ಣ ಏರು ತಿಳಿಯುತ್ತದೆ. ಇದನ್ನು ಕ್ಯಾಮೆರಾ ಹತ್ತಿರ ಹಿಡಿದು ತೋರಿಸುವುದೇ ನಿಜವಾದ ಪ್ರಾತ್ಯಕ್ಷಿಕೆ. ಒಂದು ಲೈವ್‌ಗೆ ಇಷ್ಟು ಸಾಕು. ಬಣ್ಣ, ಕಸೂತಿ, ಅಂಚು, ಒಗೆಯುವ ರೀತಿ ಎಲ್ಲವನ್ನೂ ಒಂದೇ ಸಂಜೆಗೆ ತುಂಬಿದರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಮೂರನೆಯದು ಜಾಗದ ಪ್ರಶ್ನೆ. ಇನ್‌ಸ್ಟಾಗ್ರಾಮ್ ಕ್ಯಾಪ್ಷನ್ನಿಗೆ 2,200 ಅಕ್ಷರಗಳವರೆಗೆ ಅವಕಾಶ ಕೊಡುತ್ತದೆ. ಆದರೆ ಪೋಸ್ಟಿನ ಕೆಳಗೆ ತಾನಾಗಿ ಕಾಣುವುದು ಮೊದಲಿನ ಒಂದೆರಡು ಸಾಲು, ಸುಮಾರು 125 ಅಕ್ಷರ. ಉಳಿದದ್ದು more ಎಂಬುದರ ಹಿಂದೆ ಮಡಚಿಕೊಳ್ಳುತ್ತದೆ. ಕನ್ನಡದಲ್ಲಿ ಬರೆಯುವವರು ಇನ್ನೊಂದು ಗಮನಿಸಬೇಕು. ಕಂಪ್ಯೂಟರ್ ಲೆಕ್ಕದಲ್ಲಿ ಒತ್ತು, ಗುಣಿತದ ಚಿಹ್ನೆ ಎಲ್ಲವೂ ಬೇರೆ ಬೇರೆ ಅಕ್ಷರ. ನಮ್ಮ ಕಣ್ಣಿಗೆ ಒಂದೇ ಆಗಿ ಕಾಣುವ “ಸ್ತ್ರೀ” ಅದಕ್ಕೆ ಆರು. ಹಾಗಾಗಿ ನಮಸ್ಕಾರ, ಧನ್ಯವಾದ, ಪ್ರೀತಿ, ಬೆಂಬಲ ಮುಗಿಯುವಷ್ಟರಲ್ಲಿ ಆ ಜಾಗದಲ್ಲಿ ಬಹಳಷ್ಟು ಖಾಲಿ. ಮೊದಲು ಬರೆದ ಕ್ಯಾಪ್ಷನ್ನಿನಲ್ಲಿ ತಾರೀಖು ಇದ್ದಿದ್ದರೂ ಅದು ಮಡಿಕೆಯ ಹತ್ತಿರಕ್ಕೆ ಸರಿಯುತ್ತಿತ್ತು. ಪೋಸ್ಟಿನ ಸ್ಕ್ರೀನ್‌ಶಾಟ್ ತೆಗೆದು ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಕಳಿಸುವವರು ಬಹಳ. ಆ ಚಿತ್ರದಲ್ಲಿ ಸಿಗುವುದೂ ಮಡಿಕೆಗೆ ಮೊದಲಿನ ಸಾಲು ಮಾತ್ರ.

ಬೇರೆಯವರ ವಸ್ತುವನ್ನು ಹಣ ಪಡೆದೋ, ಉಚಿತವಾಗಿ ಪಡೆದೋ ತೋರಿಸುವವರಿಗೂ ಈ ಮೊದಲ ಸಾಲುಗಳು ಮುಖ್ಯ. ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ತಂದ ಮಾರ್ಗಸೂಚಿಯ ಪ್ರಕಾರ ಇದು ಜಾಹೀರಾತು ಎಂಬ ಗುರುತು more ಒತ್ತದೆಯೇ ಕಾಣುವಂತಿರಬೇಕು. ಲೈವ್‌ನಲ್ಲಾದರೆ ಶುರುವಿನಲ್ಲೂ ಕೊನೆಯಲ್ಲೂ ಬಾಯಿಬಿಟ್ಟು ಹೇಳಬೇಕು. ನಮ್ಮ ನೇಕಾರರ ಮನೆಯ ಹೆಣ್ಣುಮಗಳು ತೋರಿಸುವುದು ತಮ್ಮದೇ ಸೀರೆ, ಅವಳ ಖಾತೆಯ ಹೆಸರೇ ಅದನ್ನು ಹೇಳುತ್ತದೆ.

ಕೊನೆಯದು, ಹೊಸಬರು ಹೆಚ್ಚು ಕಡೆಗಣಿಸುವುದು, ಪ್ರಶ್ನೆ ಕೇಳುವ ದಾರಿ. “ಪ್ರಶ್ನೆಗಳಿದ್ದರೆ ಕೇಳಿ” ಎಂದರೆ ಎಲ್ಲಿ, ಯಾವಾಗ? ದಾರಿ ಹೇಳದಿದ್ದರೆ ಕೆಲವರು ಪೋಸ್ಟಿನ ಕೆಳಗೆ, ಕೆಲವರು ಮೆಸೇಜಿನಲ್ಲಿ, ಕೆಲವರು ಹಳೆಯ ಪೋಸ್ಟೊಂದರ ಕೆಳಗೆ ಬರೆಯುತ್ತಾರೆ. ಲೈವ್ ನಡೆಯುವಾಗ ಅವನ್ನೆಲ್ಲ ಹುಡುಕಲು ಸಾಧ್ಯವಿಲ್ಲ. ಲೈವ್‌ನೊಳಗೆ ಬರುವ ಕಾಮೆಂಟುಗಳು “ಹಾಯ್”, “ಚಂದ ಐತಿ”, ಹೃದಯದ ಚಿತ್ರಗಳ ನಡುವೆ ಸರಸರ ಮೇಲೆ ಹೋಗಿಬಿಡುತ್ತವೆ. ಮೇಲಾಗಿ ಚಿತ್ರ ನೋಡುವವರನ್ನು ತಲುಪುವುದು ಕೆಲವು ಸೆಕೆಂಡು ತಡವಾಗಿ. ಅವರು “ಅದರ ಹಿಂಬದಿ ತೋರಿಸಿ” ಎಂದು ಬರೆಯುವ ಹೊತ್ತಿಗೆ ನಿಮ್ಮ ಕೈಯಲ್ಲಿ ಮುಂದಿನ ಸೀರೆ ಬಂದಿರುತ್ತದೆ. “ಅದರ” ಎಂದರೆ ಯಾವುದರ ಎಂಬುದೇ ತಿಳಿಯುವುದಿಲ್ಲ. ಇದಕ್ಕೆ ಪರಿಹಾರ ಸುಲಭ. ಪ್ರತಿ ಸೀರೆಯ ಪಕ್ಕ ದೊಡ್ಡ ಅಂಕಿಯ ಚೀಟಿ ಇಡಿ, ಪ್ರಶ್ನೆಯಲ್ಲಿ ಆ ಅಂಕಿ ಬರೆಯುವಂತೆ ಕ್ಯಾಪ್ಷನ್ನಿನಲ್ಲೇ ಹೇಳಿ. ಪ್ರಶ್ನೆಯನ್ನು “ಪ್ರಶ್ನೆ” ಎಂಬ ಪದದಿಂದಲೇ ಶುರು ಮಾಡಲು ಕೋರಿದರೆ, ಇನ್ನೊಂದು ಫೋನ್ ಹಿಡಿದು ಪಕ್ಕದಲ್ಲಿ ಕೂತ ತಮ್ಮನೋ ನಾದಿನಿಯೋ ಅವನ್ನು ಹೆಕ್ಕಿ ಓದಿ ಹೇಳಬಹುದು. ಲೈವ್‌ಗೆ ಬರಲಾಗದವರಿಗೂ ಮೊದಲೇ ಕೇಳುವ ದಾರಿಯೊಂದು ಬೇಕು. ಅದು ಇದೇ ಪೋಸ್ಟಿನ ಕೆಳಗೆ ಇದ್ದರೆ ಒಳ್ಳೆಯದು. ಸ್ಟೋರಿಯಲ್ಲಿ ಪ್ರಶ್ನೆಯ ಸ್ಟಿಕ್ಕರ್ ಹಾಕಬಹುದು, ಆದರೆ ಸ್ಟೋರಿ 24 ಗಂಟೆಗೆ ಮಾಯವಾಗುತ್ತದೆ.

ಇಷ್ಟನ್ನು ಸೇರಿಸಿ ಮತ್ತೆ ಬರೆದರೆ ಕ್ಯಾಪ್ಷನ್ ಹೀಗಾಗುತ್ತದೆ:

“ಭಾನುವಾರ, ಅಕ್ಟೋಬರ್ 18, ಸಂಜೆ 7.30ಕ್ಕೆ ಲೈವ್: ಇಳಕಲ್ ಸೀರೆಯ ಸೆರಗಿನ ಕೊಂಡಿ ಗುರುತಿಸುವುದು ಹೇಗೆ?

ದುಬೈ ಸಂಜೆ 6, ಲಂಡನ್ ಮಧ್ಯಾಹ್ನ 3, ನ್ಯೂಜೆರ್ಸಿ ಬೆಳಿಗ್ಗೆ 10. ಇಲ್ಲೇ, ಇನ್‌ಸ್ಟಾಗ್ರಾಮ್‌ನಲ್ಲಿ. 40 ನಿಮಿಷ.

ಮೈಯ ಹಾಸು, ಸೆರಗಿನ ಹಾಸು ಸೇರುವ ಜಾಗವನ್ನು ಹತ್ತಿರದಿಂದ ತೋರಿಸುತ್ತೇವೆ. ನಿಮ್ಮ ಮನೆಯ ಇಳಕಲ್ ಸೀರೆಯೊಂದನ್ನು ಕೈಯಲ್ಲಿಟ್ಟುಕೊಂಡು ಕೂತರೆ ನಮ್ಮ ಜೊತೆಯಲ್ಲೇ ನೋಡಬಹುದು.

ಪ್ರಶ್ನೆಗಳನ್ನು ಶನಿವಾರ ರಾತ್ರಿ 9ರೊಳಗೆ ಈ ಪೋಸ್ಟಿನ ಕೆಳಗೆ ಬರೆಯಿರಿ, ಮೊದಲು ಅವಕ್ಕೆ ಉತ್ತರ. ಲೈವ್‌ನಲ್ಲಿ ಕೇಳುವವರು ‘ಪ್ರಶ್ನೆ’ ಎಂದು ಶುರು ಮಾಡಿ ಸೀರೆಯ ಅಂಕಿ ಹಾಕಿ. ಫೋನ್ ನಂಬರ್, ವಿಳಾಸವನ್ನು ಕಾಮೆಂಟಿನಲ್ಲಿ ಬರೆಯಬೇಡಿ, ಮೆಸೇಜ್ ಮಾಡಿ.”

ಮೊದಲ ಸಾಲು ಚಿಹ್ನೆಗಳನ್ನೆಲ್ಲ ಎಣಿಸಿದರೂ 90ರ ಒಳಗಿದೆ, ಮಡಿಕೆಯ ಹೊರಗೇ ಉಳಿಯುತ್ತದೆ. ಆ ಸಾಲೊಂದೇ ಸ್ಕ್ರೀನ್‌ಶಾಟಿನಲ್ಲಿ ಹೋದರೂ ದಿನ, ಗಂಟೆ, ವಿಷಯ ಮೂರೂ ಸಿಗುತ್ತವೆ. ಮನೆಯ ಸೀರೆಯನ್ನು ಕೈಯಲ್ಲಿಟ್ಟುಕೊಳ್ಳಿ ಎಂಬ ಮಾತು ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟ. ಬೀರುವಿನಿಂದ ಅಮ್ಮನ ಸೀರೆ ತೆಗೆದು ಕೂತವರು ನಡುವೆ ಎದ್ದು ಹೋಗುವುದು ಕಡಿಮೆ, ಅವರ ಪ್ರಶ್ನೆಗಳೂ ಬೆಲೆ ಎಷ್ಟು ಎಂಬಲ್ಲಿಗೆ ನಿಲ್ಲುವುದಿಲ್ಲ. ಫೋನ್ ನಂಬರ್ ಬೇಡ ಎಂಬ ಸಾಲನ್ನು ಯಾರೂ ಬಿಡಬಾರದು. ಎಲ್ಲರಿಗೂ ಕಾಣುವ ಕಾಮೆಂಟಿನಲ್ಲಿ ಹೆಣ್ಣುಮಕ್ಕಳ ನಂಬರ್ ಬಿದ್ದರೆ ಆಗುವ ಕಿರುಕುಳ ಸಣ್ಣದಲ್ಲ.

ಪೋಸ್ಟ್ ಹಾಕುವ ಮುನ್ನ ಒಂದೆರಡು ಖಚಿತಪಡಿಸಿಕೊಳ್ಳಿ. ಇನ್‌ಸ್ಟಾಗ್ರಾಮ್‌ನಲ್ಲಿ 2025ರಿಂದ ಲೈವ್ ಮಾಡಲು ಖಾತೆ ಎಲ್ಲರಿಗೂ ತೆರೆದಿರಬೇಕು, ಕನಿಷ್ಠ 1,000 ಫಾಲೋವರ್‌ಗಳಿರಬೇಕು. ಲೈವ್‌ನ ಹೊತ್ತನ್ನು ಅಲ್ಲೇ ಮೊದಲು ನಿಗದಿ ಮಾಡಿದರೆ ಪೋಸ್ಟಿನ ಜೊತೆ ನೆನಪಿಸುವ ಬಟನ್ ಬರುತ್ತದೆ, ಅದನ್ನು ಒತ್ತಿದವರಿಗೆ ಸೂಚನೆ ತಾನಾಗಿ ಹೋಗುತ್ತದೆ. ಕ್ಯಾಪ್ಷನ್ನಿನಲ್ಲಿ ಹಾಕಿದ ಲಿಂಕನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಒತ್ತಲು ಬರುವುದಿಲ್ಲ. ಲೈವ್ ಬೇರೆ ಕಡೆ ಇದ್ದರೆ ಲಿಂಕನ್ನು ನಿಮ್ಮ ಪ್ರೊಫೈಲಿನಲ್ಲಿ ಹಾಕಿ, ಅಲ್ಲಿದೆ ಎಂದು ಬರೆಯಿರಿ.

ಹೊತ್ತು ಬದಲಾದರೆ ಹೊಸ ಪೋಸ್ಟ್ ಹಾಕಿ ಸುಮ್ಮನಾಗಬೇಡಿ, ಹಳೆಯದು ಇನ್ನೂ ಜನರಿಗೆ ಕಾಣುತ್ತಲೇ ಇರುತ್ತದೆ. ಹಳೆಯ ಕ್ಯಾಪ್ಷನ್ನಿನ ಮೊದಲ ಸಾಲನ್ನೇ Edit ಒತ್ತಿ ತಿದ್ದಿ. ಲೈವ್ ಮುಗಿದ ರಾತ್ರಿಯೂ ಅದೇ ಸಾಲಿಗೆ ಹೋಗಿ “ಲೈವ್ ಮುಗಿದಿದೆ, ವಿಡಿಯೋ ನಮ್ಮ ಪುಟದಲ್ಲಿದೆ” ಎಂದು ಬದಲಿಸಿ. ಲೈವ್‌ನ ಪ್ರತಿಯನ್ನು ಇನ್‌ಸ್ಟಾಗ್ರಾಮ್ ನಿಮ್ಮ ಆರ್ಕೈವ್‌ನಲ್ಲಿ ಇಡುವುದು 30 ದಿನ ಮಾತ್ರ, ಅಷ್ಟರೊಳಗೆ ಅದನ್ನು ಪುಟಕ್ಕೆ ಹಾಕಿ ಅಥವಾ ಫೋನಿಗೆ ಇಳಿಸಿಕೊಳ್ಳಿ.